ಗೇಟಿನ ಬಳಿಯ ರಿಜಿಸ್ಟರು: ಬೇಸಿಗೆ ಶಿಬಿರದಲ್ಲಿ ಮಕ್ಕಳನ್ನು ಬರಮಾಡಿಕೊಂಡ, ಒಪ್ಪಿಸಿದ ಅನುಭವ

ಮೈಸೂರಿನಲ್ಲಿ ಶಾಲೆಗಳಿಗೆ ರಜೆ ಬಂದ ಕೂಡಲೇ ಮಕ್ಕಳ ಶಿಬಿರಗಳು ಶುರುವಾಗುತ್ತವೆ. ರಂಗಾಯಣದ ಚಿಣ್ಣರ ಮೇಳದಂಥ ಹೆಸರಾದವುಗಳ ಜೊತೆಗೆ ಬಡಾವಣೆಯ ಸಮುದಾಯ ಭವನಗಳಲ್ಲಿ, ದೇವಸ್ಥಾನದ ಸಭಾಂಗಣಗಳಲ್ಲಿ, ಶಾಲೆಯ ಖಾಲಿ ಕೊಠಡಿಗಳಲ್ಲಿ ಸಣ್ಣ ಸಣ್ಣ ಶಿಬಿರಗಳೂ ನಡೆಯುತ್ತವೆ. ನಮ್ಮ ಬಡಾವಣೆಯದು ಅಂಥದ್ದೇ ಒಂದು. ಆರರಿಂದ ಹದಿಮೂರು ವರ್ಷದ ಸುಮಾರು ಅರವತ್ತು ಮಕ್ಕಳು ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಚಿತ್ರ, ನಾಟಕ, ಜನಪದ ಹಾಡು ಕಲಿಯುತ್ತಾರೆ. ಬ್ಯಾಂಕಿನ ಕೆಲಸದಿಂದ ನಿವೃತ್ತಳಾದ ನನಗೆ ಹಾಡೂ ಬಾರದು, ಚಿತ್ರವೂ ಬಾರದು. ಆದ್ದರಿಂದ ಶಿಬಿರದ ಸಂಚಾಲಕರು ಗೇಟಿನ ಜವಾಬ್ದಾರಿಯನ್ನು ನನಗೆ ಒಪ್ಪಿಸಿದರು. ಬೆಳಿಗ್ಗೆ ಮಕ್ಕಳನ್ನು ಬರೆದುಕೊಳ್ಳುವುದು, ಸಂಜೆ ಸರಿಯಾದ ವ್ಯಕ್ತಿಯ ಕೈಗೆ ಒಪ್ಪಿಸಿ ಸಹಿ ಪಡೆಯುವುದು ನನ್ನ ಕೆಲಸ.

ಕೆಲಸ ಒಪ್ಪಿಕೊಂಡ ಮೇಲೆ ನಾನು ಮೊದಲು ಕೇಳಿದ್ದು ಹಿಂದಿನ ವರ್ಷದ ಪುಸ್ತಕವನ್ನು. ಪುಸ್ತಕವೆಂಬುದು ಇರಲಿಲ್ಲ, ಬಿಡಿ ಹಾಳೆಗಳ ಒಂದು ಕಟ್ಟು ಇತ್ತು. ಅದನ್ನು ತಿರುವಿ ಹಾಕಿದಾಗ ಕಂಡ ಸಂಗತಿಗಳು ನನ್ನನ್ನು ಬಹಳ ಚಿಂತೆಗೆ ಹಚ್ಚಿದವು. ಸಂಜೆಯ ಕಾಲಂನಲ್ಲಿ ಪುಟಗಟ್ಟಲೆ ‘4:00’ ಎಂದೇ ಇತ್ತು, ಅದರ ಕೆಳಗೆಲ್ಲ ‘ಅದೇ’ ಎಂಬ ಗುರುತು. ಅರವತ್ತು ಮಕ್ಕಳು ಒಂದೇ ಗೇಟಿನಿಂದ ಒಂದೇ ನಿಮಿಷಕ್ಕೆ ಹೊರಗೆ ಹೋಗುವುದು ಸಾಧ್ಯವಿಲ್ಲ. ಎಷ್ಟೋ ಸಾಲುಗಳಲ್ಲಿ ಬೆಳಿಗ್ಗೆಯ ಸಹಿ, ಸಂಜೆಯ ಸಹಿ ಎರಡೂ ಒಂದೇ ಪೆನ್ನಿನ, ಒಂದೇ ಒತ್ತಿನ ಸಹಿಗಳಾಗಿದ್ದವು. ಕೇಳಿದಾಗ ತಿಳಿದದ್ದು, ಆಫೀಸಿಗೆ ಹೊರಡುವ ಅವಸರದಲ್ಲಿ ಪೋಷಕರು ಬೆಳಿಗ್ಗೆಯೇ ಎರಡೂ ಕಡೆ ಸಹಿ ಹಾಕಿ ಹೋಗುತ್ತಿದ್ದರಂತೆ. ಸಂಜೆ ಮಗುವನ್ನು ಕರೆದೊಯ್ದವರು ಯಾರು ಎಂಬುದಕ್ಕೆ ಆ ಹಾಳೆಯಲ್ಲಿ ಉತ್ತರವೇ ಇರಲಿಲ್ಲ. ಇನ್ನು ಕೆಲವು ಕಡೆ ಏಳು ಮಕ್ಕಳ ಹೆಸರಿಗೆ ಒಂದು ದೊಡ್ಡ ಕಂಸ ಎಳೆದು ಆಟೊ ಚಾಲಕ ಒಂದೇ ಸಹಿ ಹಾಕಿದ್ದ. ಹಿಂದಿನ ವರ್ಷ ಯಾವ ಅನಾಹುತವೂ ಆಗಿರಲಿಲ್ಲ, ಆದರೆ ಆಗಿದ್ದಿದ್ದರೆ ಆ ಕಾಗದಗಳು ಪೊಲೀಸರಿಗಾಗಲಿ ತಾಯಿ ತಂದೆಯರಿಗಾಗಲಿ ಒಂದು ಮಾತನ್ನೂ ಹೇಳುತ್ತಿರಲಿಲ್ಲ.

ಹಾಗಾಗಿ ಈ ಸಲ ಗಟ್ಟಿ ರಟ್ಟಿನ, ಪುಟಸಂಖ್ಯೆ ಅಚ್ಚಾಗಿರುವ ದೊಡ್ಡ ರಿಜಿಸ್ಟರನ್ನು ತಂದೆವು. ಬಿಡಿ ಹಾಳೆಯಾದರೆ ಒಂದನ್ನು ತೆಗೆದು ಇನ್ನೊಂದನ್ನು ಸೇರಿಸಬಹುದು, ಹೊಲಿದ ಪುಸ್ತಕದಲ್ಲಿ ಹರಿದ ಪುಟ ಎದ್ದು ಕಾಣುತ್ತದೆ. ಒಂದು ದಿನಕ್ಕೆ ಎದುರುಬದುರಿನ ಎರಡು ಪುಟ. ಎಡಗಡೆ ಮಗುವಿನ ಹೆಸರು, ಗುಂಪು, ಬಂದ ಸಮಯ, ಕರೆತಂದವರ ಸಹಿ, ‘ಇಂದು ಕರೆದೊಯ್ಯುವವರು’ ಎಂಬ ಕಾಲಂ. ಬಲಗಡೆ ಹೋದ ಸಮಯ, ಕರೆದೊಯ್ದವರ ಹೆಸರು ಮತ್ತು ಸಹಿ, ಒಪ್ಪಿಸಿದ ನಮ್ಮವರ ಚುಟುಕು ಸಹಿ. ತಪ್ಪು ಬರೆದರೆ ಅದರ ಮೇಲೆ ತಿದ್ದಿ ಬರೆಯುವಂತಿಲ್ಲ. ಹಳೆಯದು ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಬರೆದವರು ಸಹಿ ಮಾಡಬೇಕು. ಇದಿಷ್ಟೂ ನಾನು ಕೌಂಟರಿನಲ್ಲಿ ಕುಳಿತು ಕಲಿತ ಪಾಠ.

ಆದರೆ ರಿಜಿಸ್ಟರು ನಿಂತಿರುವುದು ದಾಖಲಾತಿ ಅರ್ಜಿಯ ಮೇಲೆ. ಸಂಜೆ ಗೇಟಿಗೆ ಬಂದ ವ್ಯಕ್ತಿಗೆ ಮಗುವನ್ನು ಕೊಡಬಹುದೇ ಎಂಬುದನ್ನು ಆ ಗಳಿಗೆಯಲ್ಲಿ ನಾವು ಯೋಚಿಸಿ ತೀರ್ಮಾನಿಸುವಂತಿರಬಾರದು, ಅದು ಮೊದಲೇ ಕಾಗದದ ಮೇಲೆ ತೀರ್ಮಾನವಾಗಿರಬೇಕು. ಅರ್ಜಿಯ ಎರಡನೆಯ ಪುಟದಲ್ಲಿ ತಾಯಿ ತಂದೆಯರ ಜೊತೆಗೆ ಇನ್ನು ನಾಲ್ವರ ಹೆಸರಿಗೆ ಜಾಗ ಕೊಟ್ಟೆವು. ಪ್ರತಿಯೊಬ್ಬರ ಸಂಬಂಧ, ಫೋನ್ ನಂಬರು, ಒಂದು ಚಿಕ್ಕ ಫೋಟೊ, ಒಂದು ಮಾದರಿ ಸಹಿ. ಅವರೆಲ್ಲರೂ ಹದಿನೆಂಟು ತುಂಬಿದವರಾಗಿರಬೇಕು. ‘ಅಣ್ಣ ಬಂದು ಕರ್ಕೊಂಡು ಹೋಗ್ತಾನೆ’ ಎಂದು ಬರೆಸಿದ ಮನೆಗಳಲ್ಲಿ ಅಣ್ಣನಿಗೆ ಹದಿನೈದು ವರ್ಷ, ಅವನು ಬರುವುದು ಸ್ಕೂಟರಿನಲ್ಲಿ ಎಂದು ಗೊತ್ತಾದಾಗ ನಯವಾಗಿಯೇ ಆ ಹೆಸರನ್ನು ತೆಗೆಸಿದೆವು. ಗುರುತಿನ ಚೀಟಿಯನ್ನು ಕಣ್ಣಿನಿಂದ ನೋಡಿ ಹಿಂದಿರುಗಿಸಿದೆವು, ಆಧಾರ್ ಕಾರ್ಡಿನ ಜೆರಾಕ್ಸ್ ಯಾರಿಂದಲೂ ಕೇಳಲಿಲ್ಲ. ಜನರ ಆಧಾರ್ ಪ್ರತಿಗಳನ್ನು ರಾಶಿ ಹಾಕಿಕೊಂಡು ಅವುಗಳನ್ನು ಕಾಯುವುದು ಇನ್ನೊಂದು ಜವಾಬ್ದಾರಿ, ಗೇಟಿನ ಕೆಲಸಕ್ಕೆ ಅದರ ಅಗತ್ಯವೂ ಇಲ್ಲ.

ಪಟ್ಟಿ ಸಿದ್ಧವಾದ ಮೇಲೆ ಇನ್ನೊಂದು ಕೆಲಸವಿದೆ, ಅದನ್ನು ಎಷ್ಟೋ ಕಡೆ ಮಾಡುವುದಿಲ್ಲ. ಪಟ್ಟಿಯಲ್ಲಿರುವ ಹೆಸರುಗಳನ್ನು ಮಗುವಿಗೂ ಓದಿ ಹೇಳಬೇಕು. ಮೊದಲ ದಿನ ಗುಂಪಿನ ಶಿಕ್ಷಕಿಯರು ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ‘ಇವರಲ್ಲಿ ಯಾರು ಬಂದರೂ ನಿನಗೆ ಪರವಾಗಿಲ್ಲವಾ?’ ಎಂದು ಕೇಳಿದರು. ಒಬ್ಬ ಹುಡುಗ ಒಂದು ಹೆಸರು ಬಂದಾಗ ಸುಮ್ಮನಾಗಿಬಿಟ್ಟ. ಶಿಕ್ಷಕಿ ಒತ್ತಾಯಿಸದೆ, ಕಾದು, ನಿಧಾನವಾಗಿ ಕೇಳಿದ ಮೇಲೆ ಹೊರಬಿದ್ದ ಕಾರಣ, ಆ ಮಾವ ಬೈಕನ್ನು ವಿಪರೀತ ವೇಗವಾಗಿ ಓಡಿಸುತ್ತಾರೆ ಎಂಬುದು. ತಾಯಿಗೆ ತಿಳಿಸಿದೆವು, ಅವರು ಅಲ್ಲೇ ಹೆಸರನ್ನು ಹೊಡೆದು ಹಾಕಿ ಸಹಿ ಮಾಡಿದರು. ಕಾರಣ ಬೇರೆಯಾಗಿದ್ದಿದ್ದರೆ ನಮ್ಮ ದಾರಿಯೂ ಬೇರೆಯಾಗುತ್ತಿತ್ತು. 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು, ನಡೆಯಬಹುದೆಂಬ ಆತಂಕವಿರುವವರು ಪೊಲೀಸರಿಗೆ ತಿಳಿಸಲೇಬೇಕು. ಮನೆಯವರ ಜೊತೆ ಮಾತಾಡಿ ಮುಗಿಸುವ ಸ್ವಾತಂತ್ರ್ಯ ಶಿಬಿರಕ್ಕಿಲ್ಲ. ಇಂಥ ಪ್ರಕರಣಗಳಲ್ಲಿ ಬಹುಪಾಲು ಆರೋಪಿಗಳು ಮಗುವಿಗೆ ಗೊತ್ತಿರುವವರೇ ಎಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಗಳು ವರ್ಷ ವರ್ಷವೂ ತೋರಿಸುತ್ತಿರುವಾಗ, ‘ನಮ್ಮವರೇ ತಾನೇ’ ಎಂದು ಪಟ್ಟಿಯನ್ನು ಹಗುರವಾಗಿ ತೆಗೆದುಕೊಳ್ಳುವುದು ನನಗಂತೂ ಒಪ್ಪಿಗೆಯಿಲ್ಲ.

ಬೆಳಗಿನ ಸಹಿಯನ್ನು ಎಲ್ಲರೂ ಹಾಜರಿಯೆಂದು ತಿಳಿಯುತ್ತಾರೆ. ಅದರ ನಿಜವಾದ ಪ್ರಯೋಜನ ಕಂಡುಬರುವುದು ಬಾರದೆ ಇರುವ ಮಗುವಿನ ವಿಷಯದಲ್ಲಿ. ನಮ್ಮಲ್ಲಿ 10:15ಕ್ಕೆ ಗೇಟಿನ ಪುಸ್ತಕವನ್ನೂ ಮೂರು ಗುಂಪುಗಳ ಹಾಜರಿಯನ್ನೂ ಹೋಲಿಸಿ ನೋಡಿ, ಬಾರದವರ ಮನೆಗೆ ಕೂಡಲೇ ಫೋನ್ ಮಾಡುತ್ತಿದ್ದೆವು. ಹೆಚ್ಚಿನ ದಿನ ಉತ್ತರ ಜ್ವರ, ಊರು, ಮದುವೆ. ಒಂದು ದಿನ ಮಾತ್ರ ತಾಯಿ ಗಾಬರಿಯಿಂದ, ‘ಬಂದಿದ್ದಾನಲ್ಲ ಮೇಡಂ, ಅವರಪ್ಪನೇ ಬಿಟ್ಟು ಹೋದರಲ್ಲ’ ಎಂದರು. ತಂದೆ ಹುಡುಗನನ್ನು ಗೇಟಿನ ಎದುರು ಬೈಕಿನಿಂದ ಇಳಿಸಿ ಹಾಗೇ ಹೊರಟುಹೋಗಿದ್ದರು. ಇಬ್ಬರು ಸ್ವಯಂಸೇವಕರು ರಸ್ತೆಯ ಎರಡೂ ದಿಕ್ಕಿಗೆ ಹೊರಟರು. ಹುಡುಗ ಮೂಲೆಯ ಸ್ಟೇಷನರಿ ಅಂಗಡಿಯಲ್ಲಿ ಡ್ರಾಯಿಂಗ್ ಶೀಟಿಗಾಗಿ ಕಾಯುತ್ತ ನಿಂತಿದ್ದ, ಹಿಂದಿನ ದಿನ ಶಿಕ್ಷಕರು ತರಲು ಹೇಳಿದ್ದರಂತೆ. ಕೆಲವೇ ನಿಮಿಷಗಳಲ್ಲಿ ಮುಗಿದ ಪ್ರಸಂಗ ಅದು. ಆದರೆ ಆ ಹೋಲಿಕೆಯಿಲ್ಲದಿದ್ದರೆ, ಮಗು ಶಿಬಿರದಲ್ಲಿದೆ ಎಂದು ಮನೆಯವರೂ, ಮನೆಯಲ್ಲಿದೆ ಎಂದು ಶಿಬಿರದವರೂ ಸಂಜೆ ನಾಲ್ಕರವರೆಗೆ ನಂಬಿಕೊಂಡಿರುತ್ತಿದ್ದರು. ಅಂದಿನಿಂದ ಕರೆತಂದವರು ವಾಹನದಿಂದ ಇಳಿದು ಮೇಜಿನವರೆಗೆ ಬಂದು ಸಹಿ ಮಾಡದೆ ಹೋಗುವಂತಿಲ್ಲ ಎಂಬುದನ್ನು ಸಂಚಾಲಕರೇ ಗೇಟಿನಲ್ಲಿ ನಿಂತು ಜಾರಿಗೆ ತಂದರು.

ಸಂಜೆಯ ವ್ಯವಸ್ಥೆ ಹೀಗಿತ್ತು. ಭವನಕ್ಕೆ ಎರಡು ಬಾಗಿಲು. ಪಕ್ಕದ ಬಾಗಿಲಿಗೆ 3:45ಕ್ಕೆ ಚಿಲಕ ಹಾಕಿ ಅಲ್ಲೊಬ್ಬರು ನಿಲ್ಲುತ್ತಿದ್ದರು, ತುರ್ತಿಗೆ ತೆಗೆಯಲು ಬರಲೆಂದು ಬೀಗ ಹಾಕುತ್ತಿರಲಿಲ್ಲ. ಮಕ್ಕಳು ಒಳಗೆ ತಂತಮ್ಮ ಗುಂಪಿನಲ್ಲೇ ಕುಳಿತಿರುತ್ತಾರೆ, ಯಾರೂ ಗೇಟಿನ ಬಳಿ ಬಂದು ಕಾಯುವಂತಿಲ್ಲ. ಕರೆದೊಯ್ಯಲು ಬಂದವರು ಮಗುವಿನ ನಂಬರಿರುವ ಚೀಟಿಯನ್ನು ತೋರಿಸುತ್ತಾರೆ. ನಾನು ಕಡತದಲ್ಲಿ ಆ ನಂಬರಿನ ಪುಟ ತೆಗೆದು, ಫೋಟೊ ನೋಡಿ, ಬೆಳಿಗ್ಗೆ ಬರೆಸಿದ ಹೆಸರನ್ನು ನೋಡಿ, ಒಳಗಿನವರಿಗೆ ಹೇಳುತ್ತೇನೆ. ಅವರು ಮಗುವನ್ನು ಕರೆತಂದು ನನ್ನ ಮುಂದೆಯೇ ಒಪ್ಪಿಸುತ್ತಾರೆ. ಗಡಿಯಾರ ನೋಡಿ ಸಮಯ ಬರೆದು ಸಹಿ ಪಡೆಯುವುದು ಆಗ, ಅದಕ್ಕೆ ಮೊದಲಲ್ಲ. ಚೀಟಿಯೊಂದನ್ನೇ ನಂಬುವಂತಿಲ್ಲ ಎಂಬುದನ್ನು ಸ್ವಯಂಸೇವಕರಿಗೆ ಮತ್ತೆ ಮತ್ತೆ ಹೇಳಬೇಕಾಯಿತು. ಚೀಟಿ ಕಳೆಯುತ್ತದೆ, ಅದರ ಫೋಟೊ ವಾಟ್ಸಾಪಿನಲ್ಲಿ ಯಾರಿಗಾದರೂ ಹೋಗುತ್ತದೆ. ಚೀಟಿ ಇರುವುದು ಕಡತದ ಪುಟವನ್ನು ಬೇಗ ಹುಡುಕುವುದಕ್ಕೆ, ವ್ಯಕ್ತಿಯನ್ನು ಗುರುತಿಸುವುದು ಪುಟದಲ್ಲಿರುವ ಫೋಟೊ ಮತ್ತು ಹೆಸರು. ಆಟೊ ಚಾಲಕರಿಗೂ ಇದೇ ನಿಯಮ. ಏಳು ಮಕ್ಕಳಿದ್ದರೆ ಏಳು ಸಹಿ. ‘ಇವತ್ತು ನನಗೆ ಬರೋಕಾಗಲ್ಲ, ನಮ್ಮ ಹುಡುಗನನ್ನ ಕಳಿಸ್ತೀನಿ’ ಎಂದು ಚಾಲಕ ಫೋನ್ ಮಾಡಿದರೆ ಆ ಏಳೂ ಮನೆಗಳಿಗೆ ಕರೆ ಹೋಗಬೇಕು, ಒಪ್ಪದ ಮನೆಯ ಮಗು ಶಿಬಿರದಲ್ಲೇ ಉಳಿಯುತ್ತದೆ.

ಈ ವ್ಯವಸ್ಥೆಯನ್ನು ನಿಜವಾಗಿ ಪರೀಕ್ಷೆಗೆ ಒಡ್ಡಿದ್ದು ಮಳೆ. ಏಪ್ರಿಲ್ ಕೊನೆಯ ಒಂದು ಸಂಜೆ ನಾಲ್ಕಕ್ಕೆ ಸರಿಯಾಗಿ ಗಾಳಿ ಎದ್ದು, ಆಲಿಕಲ್ಲಿನ ಜೊತೆ ಮಳೆ ಸುರಿಯಿತು. ಕೊಡೆ, ರೇನ್‌ಕೋಟುಗಳೊಡನೆ ನಲವತ್ತು ಜನ ಒಮ್ಮೆಲೇ ವರಾಂಡಕ್ಕೆ ನುಗ್ಗಿದರು. ಆ ಗದ್ದಲದಲ್ಲಿ ಸುಮಾರು ಮೂವತ್ತರ ಪ್ರಾಯದ ಒಬ್ಬರು ಮೇಜಿನ ಮುಂದೆ ಬಂದು, ಎಂಟು ವರ್ಷದ ಒಬ್ಬ ಹುಡುಗಿಯ ಹೆಸರು ಹೇಳಿ, ತಾನು ಅವಳ ಚಿಕ್ಕಪ್ಪ ಎಂದರು. ಚೀಟಿ ಇರಲಿಲ್ಲ, ಪಟ್ಟಿಯಲ್ಲಿ ಹೆಸರೂ ಇರಲಿಲ್ಲ. ಬೆಳಿಗ್ಗೆಯ ಕಾಲಂನಲ್ಲಿ ‘ತಂದೆ’ ಎಂದು ಬರೆದಿತ್ತು. ಅವರು ತಮ್ಮ ಫೋನನ್ನು ನನ್ನತ್ತ ಚಾಚಿ, ‘ಅಣ್ಣ ಲೈನಲ್ಲೇ ಇದ್ದಾರೆ ಮೇಡಂ, ನೀವೇ ಮಾತಾಡಿ’ ಎಂದರು. ಅಷ್ಟರಲ್ಲಿ ಹುಡುಗಿ ಕಿಟಕಿಯಿಂದ ಅವರನ್ನು ಕಂಡು ‘ಚಿಕ್ಕಪ್ಪಾ’ ಎಂದು ಕೂಗಿದಳು. ನನ್ನ ಪಕ್ಕದಲ್ಲಿದ್ದ ಸ್ವಯಂಸೇವಕಿ ಆಗಲೇ ಎದ್ದು ಅವಳನ್ನು ಕರೆತರಲು ಹೊರಟಿದ್ದಳು. ಅವಳನ್ನು ತಡೆದೆ.

ತಡೆದದ್ದಕ್ಕೆ ಕಾರಣವಿದೆ. ಹುಡುಗಿ ಕೂಗಿದ್ದರಿಂದ ಅವಳಿಗೆ ಆ ವ್ಯಕ್ತಿ ಗೊತ್ತು ಎಂಬುದಷ್ಟೇ ತಿಳಿಯುತ್ತದೆ, ಇಂದು ಅವಳನ್ನು ಕರೆದೊಯ್ಯಲು ಮನೆಯವರು ಅವರಿಗೆ ಹೇಳಿದ್ದಾರೆಯೇ ಎಂಬುದು ತಿಳಿಯುವುದಿಲ್ಲ. ಬಂದವರೇ ಕೊಟ್ಟ ಫೋನಿನಲ್ಲಿ ಕೇಳಿದ ದನಿ ಯಾರದ್ದು ಬೇಕಾದರೂ ಆಗಿರಬಹುದು. ನಮ್ಮ ನಿಯಮದಂತೆ ಆ ಕರೆಯನ್ನು ಬಿಟ್ಟು, ಅರ್ಜಿಯಲ್ಲಿರುವ ನಂಬರಿಗೆ ನಾವೇ ಕರೆ ಮಾಡಬೇಕು. ಕರೆ ಸ್ವೀಕರಿಸಿದವರಿಗೆ ನಾವಾಗಿ ಏನನ್ನೂ ಹೇಳಿಕೊಡದೆ, ಯಾರು ಬರುತ್ತಿದ್ದಾರೆ, ಅವರು ಏನಾಗಬೇಕು, ಯಾವ ವಾಹನ ಎಂದು ಕೇಳಬೇಕು. ‘ನಿಮ್ಮ ತಮ್ಮ ಬಂದಿದ್ದಾರೆ, ಕಳಿಸಲಾ?’ ಎಂದು ಕೇಳಿದರೆ ಯಾರಾದರೂ ‘ಹೂಂ’ ಎನ್ನುತ್ತಾರೆ. ಕೊನೆಗೆ, ದಾಖಲಾತಿಯ ದಿನ ಮನೆಯವರೇ ಆರಿಸಿ ಬರೆಸಿದ ಗುಟ್ಟಿನ ಪದವನ್ನು ಕೇಳಬೇಕು.

ತಂದೆಯ ನಂಬರಿಗೆ ಕರೆ ಮಾಡಿದೆವು. ನಂಜನಗೂಡಿನ ಕಾರ್ಖಾನೆಯಲ್ಲಿ ಪಾಳಿ ಮುಂದುವರಿದದ್ದರಿಂದ ತಮ್ಮನನ್ನು ಕಳಿಸಿದ್ದಾಗಿ ಹೇಳಿದರು. ಹೆಸರು, ಸ್ಕೂಟರಿನ ಬಣ್ಣ ಎಲ್ಲವೂ ಹೊಂದಿದವು. ಗುಟ್ಟಿನ ಪದ ಮಾತ್ರ ಅವರಿಗೆ ಗೊತ್ತಿರಲಿಲ್ಲ. ಅರ್ಜಿ ತುಂಬಿದ್ದು ಹೆಂಡತಿ, ಅವರು ನರ್ಸ್, ಆ ಹೊತ್ತಿನಲ್ಲಿ ಡ್ಯೂಟಿಯಲ್ಲಿದ್ದುದರಿಂದ ಫೋನ್ ತೆಗೆಯುತ್ತಿರಲಿಲ್ಲ. ಪಟ್ಟಿಯಲ್ಲಿ ಮೂರನೆಯವರಾಗಿದ್ದ ಅಜ್ಜಿಗೆ ಕರೆ ಮಾಡಿದರೆ, ಅವರಿಗೆ ವಿಷಯವೇ ತಿಳಿದಿರಲಿಲ್ಲ. ಚಿಕ್ಕಪ್ಪನಿಗೆ ಸಿಟ್ಟು ಬಂತು. ‘ನಮ್ಮನೆ ಮಗೂನ ಕರ್ಕೊಂಡು ಹೋಗೋಕೆ ಇಷ್ಟೆಲ್ಲ ಬೇಕಾ?’ ಎಂದು ದನಿ ಏರಿಸಿದರು. ಸಾಲಿನಲ್ಲಿ ನಿಂತಿದ್ದ ಒಂದಿಬ್ಬರು ಅವರ ಪರವಾಗಿಯೂ ಮಾತಾಡಿದರು. ಸಂಚಾಲಕರು ಅವರನ್ನು ಒಳಗಿನ ಕೋಣೆಗೆ ಕರೆದೊಯ್ದು ಕೂರಿಸಿ, ಟವೆಲ್ ಕೊಟ್ಟು, ಕಾಫಿ ತರಿಸಿದರು. ಹೀಗೆ ಮಾಡಿದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಮೇಜಿನ ಮುಂದೆಯೇ ಜಗಳ ಮುಂದುವರಿದಿದ್ದರೆ ಆ ಗಲಾಟೆಯಲ್ಲಿ ಉಳಿದ ಮಕ್ಕಳು ಸಹಿಯಿಲ್ಲದೆ ಹೊರಟುಬಿಡುತ್ತಿದ್ದರು. ಹುಡುಗಿ ತನ್ನ ಗುಂಪಿನಲ್ಲೇ ಇದ್ದಳು, ಶಿಕ್ಷಕಿ ಹಾಡು ಹೇಳಿಸುತ್ತಿದ್ದರು.

ತಾಯಿ ವಾಪಸ್ಸು ಕರೆ ಮಾಡಿದ್ದು 4:35ಕ್ಕೆ. ಪದ ಹೇಳಿದರು, ಮೈದುನನ ಹೆಸರು ಹೇಳಿದರು. ಚಿಕ್ಕಪ್ಪನ ಡ್ರೈವಿಂಗ್ ಲೈಸೆನ್ಸಿನಲ್ಲಿ ಹೆಸರನ್ನೂ ಫೋಟೊವನ್ನೂ ನೋಡಿ, ಬದಲಾವಣೆಗೆಂದೇ ಮೀಸಲಿಟ್ಟ ಪುಟದಲ್ಲಿ ಕರೆ ಮಾಡಿದ ನಂಬರುಗಳು, ಸಮಯ, ಮಾತಾಡಿದವರು, ಮಾತು ಕೇಳಿಸಿಕೊಂಡ ಇನ್ನೊಬ್ಬ ಸ್ವಯಂಸೇವಕಿಯ ಸಹಿ ಎಲ್ಲವನ್ನೂ ಬರೆದು, 4:41ಕ್ಕೆ ಒಪ್ಪಿಸಿದೆವು. ಮರುದಿನ ತಾಯಿ ಆ ಪುಟಕ್ಕೆ ಸಹಿ ಮಾಡಿದರು, ಚಿಕ್ಕಪ್ಪನ ಹೆಸರನ್ನು ಪಟ್ಟಿಗೆ ಸೇರಿಸಿದರು. ತಂದೆಯ ನಂಬರಿಗೆ ನಾವೇ ಕರೆ ಮಾಡಿ ಮಾತಾಡಿದ ಮೇಲೂ ಕಾಯಿಸಿದ್ದು ಹೆಚ್ಚಾಯಿತು ಎಂದು ಸಮಿತಿಯಲ್ಲಿ ಕೆಲವರು ಹೇಳಿದರು. ಫೋನ್ ನಮಗೆ ಖಚಿತವಾಗಿತ್ತು, ಅದನ್ನು ಹಿಡಿದಿದ್ದ ವ್ಯಕ್ತಿ ಖಚಿತವಾಗಿರಲಿಲ್ಲ ಎಂಬುದು ನನ್ನ ಉತ್ತರ. ಆದರೆ ಆ ಚರ್ಚೆಯಿಂದ ಒಂದು ತಿದ್ದುಪಡಿ ಬಂತು: ಗುಟ್ಟಿನ ಪದ ತಾಯಿ ತಂದೆಯರಿಬ್ಬರಿಗೂ ತಿಳಿದಿರಬೇಕೆಂದು, ಅರ್ಜಿಗೆ ಇಬ್ಬರೂ ಸಹಿ ಹಾಕುವಂತೆ ಮಾಡಿದೆವು.

ಇಬ್ಬರ ಸಹಿ ಎಂದ ಕೂಡಲೇ ಇನ್ನೊಂದು ಕಷ್ಟದ ವಿಷಯ ಎದುರಾಗುತ್ತದೆ. ಬೇರೆ ಬೇರೆ ವಾಸಿಸುತ್ತಿರುವ ದಂಪತಿಯ ಏಳು ವರ್ಷದ ಮಗ ನಮ್ಮಲ್ಲಿದ್ದ. ಸೇರಿಸಿದ್ದು ತಾಯಿ. ‘ತಂದೆಗೆ ಕೊಡಕೂಡದು’ ಎಂದು ಅರ್ಜಿಯಲ್ಲೇ ಬರೆಯಬೇಕೆಂದು ಅವರು ಕೇಳಿಕೊಂಡರು. ಕೋರ್ಟಿನ ಆದೇಶವಿದ್ದರೆ ಪ್ರತಿ ಕೊಡಿ ಎಂದು ಕೇಳಿದೆವು. ಕೌಟುಂಬಿಕ ನ್ಯಾಯಾಲಯದಲ್ಲಿ ಅರ್ಜಿ ಬಾಕಿಯಿದೆ, ಆದೇಶ ಇನ್ನೂ ಬಂದಿಲ್ಲ ಎಂದರು. ನಮ್ಮ ಸಮಿತಿಯಲ್ಲಿರುವ ವಕೀಲರು ಇದನ್ನು ವಿವರಿಸಿದ್ದು ನನಗೆ ಬೇಗ ಅರ್ಥವಾಯಿತು. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 6ನೆಯ ಕಲಮು ತಂದೆಯನ್ನು, ‘ಆತನ ನಂತರ’ ತಾಯಿಯನ್ನು ಸಹಜ ಪೋಷಕರೆಂದು ಹೇಳುತ್ತದೆ, ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದೂ ಹೇಳುತ್ತದೆ. ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡಿಗೆ ಅರ್ಜಿ ಹಾಕಿದ ತಾಯಿಗೆ ತಂದೆಯ ಸಹಿ ಬೇಕೆಂದು ಹೇಳಿದ್ದರಿಂದ ಹುಟ್ಟಿದ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ ಆ ‘ನಂತರ’ ಎಂಬುದನ್ನು ತಂದೆ ಸತ್ತ ಮೇಲೆ ಎಂದೇ ಓದಬೇಕಿಲ್ಲ, ತಂದೆ ಮಗುವಿನ ಹೊಣೆ ಹೊರದಿರುವಾಗಲೂ ತಾಯಿ ಸಹಜ ಪೋಷಕಿಯಾಗಬಹುದು ಎಂದಿತು. ಮೈನರ್ ಖಾತೆಗಳ ಜೊತೆ ಕೆಲಸ ಮಾಡಿದ ನಮಗೆ ಬ್ಯಾಂಕಿನಲ್ಲಿ ಪರಿಚಿತವಾಗಿದ್ದ ತೀರ್ಪು ಅದು. ಒಟ್ಟಿನಲ್ಲಿ, ಆದೇಶವಿಲ್ಲದಿರುವಾಗ ತಂದೆಗೆ ಹಕ್ಕಿಲ್ಲ ಎಂದು ಬರೆಯುವ ಅಧಿಕಾರ ಶಿಬಿರಕ್ಕಿಲ್ಲ. ಸೇರಿಸಿದವರು ಕೊಟ್ಟ ಪಟ್ಟಿಯಲ್ಲಿರುವವರಿಗೆ ಮಾತ್ರ ಮಗುವನ್ನು ಒಪ್ಪಿಸುತ್ತೇವೆ ಎಂಬ ನಮ್ಮ ನಿಯಮವಷ್ಟೇ ನಮ್ಮ ಕೈಯಲ್ಲಿರುವುದು. ತಾಯಿಗೆ ಇದನ್ನು ಬಿಡಿಸಿ ಹೇಳಿ, ತಂದೆಯ ಹೆಸರನ್ನು ನಿಷೇಧವೆಂದು ಬರೆಯದೆ ಪಟ್ಟಿಯಲ್ಲಿ ಸೇರಿಸದೆ ಬಿಟ್ಟೆವು.

ತಂದೆ ಒಂದು ಮಧ್ಯಾಹ್ನ ಬಂದರು. ಜಗಳಕ್ಕೆಂದು ಬಂದವರಲ್ಲ, ಕೈಯಲ್ಲಿ ಮಗನ ಜನನ ಪ್ರಮಾಣಪತ್ರದ ಪ್ರತಿ ಹಿಡಿದು ಬಂದಿದ್ದರು. ಗೇಟಿನಲ್ಲಿ ನಿಲ್ಲಿಸದೆ ಕಚೇರಿ ಕೋಣೆಯಲ್ಲಿ ಕೂರಿಸಿದೆವು, ಸಂಚಾಲಕರೂ ವಕೀಲರೂ ಜೊತೆಗಿದ್ದರು. ಹುಡುಗನನ್ನು ಹೊರಗೆ ಕರೆಯಲಿಲ್ಲ, ಅಪ್ಪ ಬಂದಿದ್ದಾರೆ ಎಂದು ಅವನಿಗೆ ಹೇಳಲೂ ಇಲ್ಲ. ಅವನ ಗುಂಪು ಅಂಗಳದಲ್ಲಿ ಆಡುವ ಹೊತ್ತಾಗಿದ್ದುದರಿಂದ ಅವರೆಲ್ಲರನ್ನೂ ಸಭಾಂಗಣದೊಳಗೇ ಉಳಿಸಿಕೊಂಡರು. ನಾನು ತಾಯಿಗೆ ಕರೆ ಮಾಡಿದೆ. ತಾನು ಸಹಜ ಪೋಷಕ ಎಂದು ತಂದೆ ಹೇಳಿದಾಗ ಸಂಚಾಲಕರು ಅದನ್ನು ಅಲ್ಲಗಳೆಯಲಿಲ್ಲ. ‘ನಿಮ್ಮ ಹಕ್ಕನ್ನು ನಾವು ತೀರ್ಮಾನಿಸುವವರಲ್ಲ ಸಾರ್. ಕೋರ್ಟಿನ ಆದೇಶ ತನ್ನಿ, ಇಲ್ಲವೇ ಇಬ್ಬರೂ ಸೇರಿ ಬರೆದುಕೊಡಿ, ಅದರಂತೆ ನಡೆಯುತ್ತೇವೆ’ ಎಂದಷ್ಟೇ ಹೇಳಿದರು. ಬಲವಂತಕ್ಕೆ ಇಳಿದರೆ 112ಕ್ಕೆ ಕರೆ ಮಾಡುವುದೆಂದು ಮೊದಲೇ ಗೊತ್ತುಮಾಡಿಕೊಂಡಿದ್ದೆವು, ಅದರ ಅಗತ್ಯ ಬೀಳಲಿಲ್ಲ. ಪುಸ್ತಕದಲ್ಲಿ ಬಂದ ಸಮಯ, ಕೇಳಿದ್ದು, ನಾವು ಹೇಳಿದ್ದು, ಹೋದ ಸಮಯ ಇಷ್ಟನ್ನೇ ಬರೆದೆವು. ಅವರ ಸಂಸಾರದ ಬಗ್ಗೆ ಯಾರೋ ಆಡಿದ ಮಾತಾಗಲಿ, ಅವರ ಮುಖಭಾವದ ವರ್ಣನೆಯಾಗಲಿ ಅಲ್ಲಿ ಬರಕೂಡದು, ಏಕೆಂದರೆ ಆ ಪುಟ ನಾಳೆ ನ್ಯಾಯಾಧೀಶರ ಮುಂದೆ ಹೋಗಬಹುದು. ಶಿಬಿರ ಮುಗಿಯುವ ಮೊದಲೇ ಮಧ್ಯಂತರ ಆದೇಶ ಬಂತು, ಒಂದು ಶನಿವಾರ ಬಿಟ್ಟು ಒಂದು ಶನಿವಾರ ಮಗ ತಂದೆಯ ಜೊತೆ ಇರಬೇಕೆಂದಿತ್ತು. ಆ ಶನಿವಾರಗಳ ಪುಟಗಳಲ್ಲಿ ಮೊದಲೇ ತಂದೆಯ ಹೆಸರನ್ನು ಬರೆದಿಟ್ಟೆವು. ಆ ದಿನಗಳಂದು ಅವರು ಬಂದಾಗ ಉಳಿದವರಂತೆಯೇ ಸಹಿ ಮಾಡಿ ಮಗನನ್ನು ಕರೆದೊಯ್ದರು. ಪಟ್ಟಿಯ ಕಟ್ಟುನಿಟ್ಟು ಎರಡೂ ಕಡೆಗೆ ಒಂದೇ ರೀತಿ ಇರಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಆದೇಶ ಬಂದ ಮೇಲೂ ತಾಯಿಯ ಮೇಲಿನ ಮರುಕದಿಂದ ತಂದೆಯನ್ನು ಕಾಯಿಸಿದ್ದರೆ ನಾವು ಮಾಡಿದ್ದು ಅನ್ಯಾಯವೇ ಆಗುತ್ತಿತ್ತು.

ಹೊತ್ತಾದರೂ ಯಾರೂ ಬಾರದ ಮಕ್ಕಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಲು ಗಂಟೆ ನೋಡಿ ಪಟ್ಟಿಯ ಕ್ರಮದಲ್ಲಿ ಕರೆ ಮಾಡುತ್ತಿದ್ದೆವು, ಕೊನೆಯ ಮಗು ಹೋಗುವವರೆಗೆ ಇಬ್ಬರು ದೊಡ್ಡವರು ಉಳಿಯುತ್ತಿದ್ದೆವು. ‘ದಾರಿಯಲ್ಲೇ ಮನೆ, ನಾನೇ ಬಿಟ್ಟು ಬರ್ತೀನಿ’ ಎಂದು ಯಾವ ಸ್ವಯಂಸೇವಕರೂ ಮಗುವನ್ನು ತಮ್ಮ ವಾಹನದಲ್ಲಿ ಕರೆದೊಯ್ಯುವಂತಿರಲಿಲ್ಲ. ಯಾರೂ ಸಿಗದಿದ್ದರೆ 1098ಕ್ಕೆ ಅಥವಾ ಠಾಣೆಗೆ ತಿಳಿಸುವುದೆಂದಿತ್ತು, ಅಲ್ಲಿಯವರೆಗೆ ಹೋಗಲಿಲ್ಲ.

ದಿನದ ಕೊನೆಯ ಕೆಲಸ ತಾಳೆ ನೋಡುವುದು. ಬಂದವರೆಷ್ಟು, ಹೋದವರೆಷ್ಟು, ಗುಂಪುಗಳ ಲೆಕ್ಕವೆಷ್ಟು, ಮೂರೂ ಹೊಂದದೆ ಭವನದ ಬೀಗ ಹಾಕುವಂತಿಲ್ಲ. ಒಂದು ಸಂಜೆ 58 ಮಕ್ಕಳು ಬಂದಿದ್ದರು, ಹೋದ ಸಹಿ 57 ಇತ್ತು. ಭವನದಲ್ಲಿ ಒಂದು ಮಗುವೂ ಕಾಣುತ್ತಿರಲಿಲ್ಲ. ಇಂಥ ಗಳಿಗೆಯಲ್ಲಿ ಎಲ್ಲರ ಬಾಯಲ್ಲೂ ಬರುವ ಮಾತು, ‘ಯಾರೋ ಕರ್ಕೊಂಡು ಹೋಗಿರ್ತಾರೆ, ಸಹಿ ಬಿಟ್ಟುಹೋಗಿರುತ್ತೆ’ ಎಂಬುದು. ಹಾಗೆ ಊಹಿಸಿ ಬೀಗ ಹಾಕಿದರೆ ಪುಸ್ತಕವಿಟ್ಟು ಏನು ಬಂತು? ಖಾಲಿ ಉಳಿದ ಸಾಲಿನಿಂದ ಹೆಸರು ತಕ್ಷಣ ತಿಳಿಯಿತು. ಒಬ್ಬರು ಶೌಚಾಲಯ, ವೇದಿಕೆಯ ಹಿಂಭಾಗ, ಮಹಡಿಯ ಮೆಟ್ಟಿಲುಗಳನ್ನು ನೋಡಿ ಬಂದರು, ಇನ್ನೊಬ್ಬರು ಗುಂಪಿನ ಶಿಕ್ಷಕಿಗೆ ಕರೆ ಮಾಡಿದರು, ನಾನು ಮನೆಗೆ ಕರೆ ಮಾಡಿದೆ. ಹುಡುಗಿ ಮನೆಯಲ್ಲೇ ಇದ್ದಳು. ಹಲ್ಲಿನ ಡಾಕ್ಟರ ಬಳಿ ಹೋಗಬೇಕೆಂದು 2:30ಕ್ಕೆ ತಾಯಿಯೇ ಬಂದು ಕರೆದೊಯ್ದಿದ್ದರು. ಸಹಿಯನ್ನೂ ಮಾಡಿದ್ದರು, ಆದರೆ ಮಾಡಿದ್ದು ಒಂದು ಬಿಡಿ ಚೀಟಿಯ ಮೇಲೆ. ಊಟದ ಹೊತ್ತಿನ ನಂತರ ಗೇಟಿನ ಮೇಜನ್ನು ಎತ್ತಿಟ್ಟಿದ್ದರಿಂದ ಚೀಟಿ ಕಚೇರಿಯ ಡ್ರಾಯರಿನಲ್ಲಿ ಉಳಿದಿತ್ತು. ಚೀಟಿಯನ್ನು ಆ ಪುಟಕ್ಕೆ ಅಂಟಿಸಿ, ಸಾಲಿನಲ್ಲಿ ವಿಷಯ ಬರೆದು, ತಾಯಿಗೆ ಕರೆ ಮಾಡಿದ ಸಮಯವನ್ನೂ ಸೇರಿಸಿ ಸಹಿ ಮಾಡಿದೆವು. ಮರುದಿನದಿಂದ ಮೇಜನ್ನು ಬೆಳಿಗ್ಗೆ 9:30ರಿಂದ ಕೊನೆಯ ಮಗು ಹೋಗುವವರೆಗೆ ಎತ್ತಲಿಲ್ಲ, ನಡುವೆ ಹೋಗುವವರ ಸಹಿಯೂ ಅದೇ ಪುಸ್ತಕದಲ್ಲೇ ಆಯಿತು.

ಶಿಬಿರ ಮುಗಿದ ಮೇಲೆ ಕಾಗದಗಳನ್ನು ಏನು ಮಾಡಬೇಕೆಂಬುದನ್ನೂ ಸಮಿತಿ ಬರೆದಿಟ್ಟಿತು. ಪಟ್ಟಿಯಲ್ಲಿದ್ದವರ ಫೋಟೊಗಳನ್ನು ಸಮಾರೋಪದ ದಿನವೇ ಆಯಾ ಪೋಷಕರಿಗೆ ಹಿಂದಿರುಗಿಸಿದೆವು. ಗುಟ್ಟಿನ ಪದಗಳಿದ್ದ ಹಾಳೆಯನ್ನು ಇಬ್ಬರ ಎದುರು ಹರಿದು ಹಾಕಿದೆವು, ಮನೆಗಳಲ್ಲಿ ಒಂದೇ ಪದವನ್ನು ಬೇರೆ ಕಡೆಯೂ ಬಳಸುತ್ತಾರೆ. ಅರ್ಜಿಗಳೂ ರಿಜಿಸ್ಟರೂ ಸಂಘದ ಕಪಾಟಿನಲ್ಲಿ ಬೀಗದೊಳಗಿವೆ, ಕೀಲಿ ಕಾರ್ಯದರ್ಶಿಯ ಬಳಿ ಇದೆ. ಅವುಗಳನ್ನು ತೆಗೆದು ನೋಡಬೇಕಾದವರು ಯಾವ ಕಾರಣಕ್ಕೆಂದು ಬರೆದು ಸಹಿ ಮಾಡಬೇಕು. ಮುಂದಿನ ಬೇಸಿಗೆಗೆ ಗೇಟಿನಲ್ಲಿ ಕೂರಲು ಇಬ್ಬರು ಹೊಸಬರು ಒಪ್ಪಿಕೊಂಡಿದ್ದಾರೆ. ಅವರಿಗೆ ಕೆಲಸ ತೋರಿಸಿಕೊಡುವಾಗ ಆ ಮಳೆಯ ದಿನದ ಪುಟವನ್ನೂ 58-57ರ ಪುಟವನ್ನೂ ತೆರೆದು, ಹೆಸರುಗಳನ್ನು ಮುಚ್ಚಿ, ಒಂದೊಂದು ಸಾಲನ್ನೂ ಓದಿಸುವುದೆಂದು ನಿಶ್ಚಯಿಸಿದ್ದೇನೆ.